ಗೇಜ್ ಮುಚ್ಚಿಟ್ಟದ್ದನ್ನು ಡ್ರಮ್ ಹೇಳುತ್ತದೆ

ಒಂದು ಕಿಲೋಮೀಟರ್ ಉದ್ದದ ಹೊಸ ಪೈಪ್‌ಲೈನ್ ಇದೆ ಎಂದುಕೊಳ್ಳೋಣ. 300 ಮಿಲಿಮೀಟರ್ ವ್ಯಾಸದ ಡಿಐ ಪೈಪು, ಒಂದೊಂದೂ ಐದೂವರೆ ಮೀಟರ್, ಒಟ್ಟು ಸುಮಾರು 182 ಜಾಯಿಂಟ್. ಒಂದು ತುದಿ ಇನ್ನೊಂದಕ್ಕಿಂತ 20 ಮೀಟರ್ ಎತ್ತರದಲ್ಲಿದೆ. ನಿತ್ಯ ನೀರು ಹರಿಯುವಾಗ ಕೆಳತುದಿಯಲ್ಲಿ ಚದರ ಸೆಂಟಿಮೀಟರಿಗೆ ಆರೂವರೆ ಕೆಜಿ ಒತ್ತಡ. ಪರೀಕ್ಷೆಗೆ ಅದರ ಒಂದೂವರೆ ಪಟ್ಟು, ಅಂದರೆ ಸುಮಾರು ಹತ್ತು ಕೆಜಿ. ಕರೆಂಟ್ ಹೋಗಿ ಪಂಪ್ ತಟ್ಟನೆ ನಿಂತಾಗ ಬೀಳುವ ಹೊಡೆತ ಸೇರಿಸಿದರೆ ಒತ್ತಡ ಇದಕ್ಕೂ ಮೀರುವಂತಿದ್ದರೆ, ಆ ಹೆಚ್ಚಿನ ಅಂಕಿಯನ್ನೇ ಹಿಡಿಯಬೇಕು.

ಗೇಜ್ ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಹತ್ತು ಮೀಟರ್ ಏರಿದರೆ ಒತ್ತಡ ಒಂದು ಕೆಜಿ ಇಳಿಯುತ್ತದೆ. ಕೆಳಗೆ ಹತ್ತು ಇದ್ದಾಗ ಮೇಲೆ ಎಂಟೇ ಇರುತ್ತದೆ. ಮೇಲ್ತುದಿಯಲ್ಲಿ ಗೇಜ್ ಹಾಕಿ ಹತ್ತು ತೋರಿಸಿದರೆ ಕೆಳಗಿನ ಪೈಪಿನ ಮೇಲೆ ಹನ್ನೆರಡು ಬಿದ್ದಿರುತ್ತದೆ.

ನೀರನ್ನು ಕೆಳತುದಿಯಿಂದ ನಿಧಾನವಾಗಿ ತುಂಬುತ್ತಾರೆ, ಗಾಳಿ ಮೇಲಿನ ಏರ್ ವಾಲ್ವಿನಿಂದ ಹೊರಹೋಗಲಿ ಎಂದು. ಪೈಪಿನ ಒಳಗಿನ ಸಿಮೆಂಟ್ ಲೇಪ ನೀರು ಹೀರುವುದರಿಂದ ಒಂದು ದಿನ ಹಾಗೇ ಬಿಡುತ್ತಾರೆ. ತುದಿ ಮುಚ್ಚಿದ ತಟ್ಟೆಯ ಮೇಲೆ ಹತ್ತು ಕೆಜಿ ಒತ್ತಡದಲ್ಲಿ ಎಂಟು ಟನ್ನಿಗೂ ಮೀರಿದ ತಳ್ಳುಬಲ ಬೀಳುತ್ತದೆ. ಅದರ ಹಿಂದಿನ ಕಾಂಕ್ರೀಟ್ ಬ್ಲಾಕ್ ಗಟ್ಟಿಯಾಗುವ ಮುನ್ನ ಅವಸರ ಮಾಡಿದರೆ ಜಾಯಿಂಟೇ ಕಳಚಿಕೊಳ್ಳುತ್ತದೆ.

ಈ ಪೈಪ್‌ಲೈನ್ ಎಪ್ಪತ್ತು ಸಾವಿರ ಲೀಟರ್ ನೀರು ಹಿಡಿಯುತ್ತದೆ. ತುಂಬಿದ ಮೇಲೆ ಸೊನ್ನೆಯಿಂದ ಹತ್ತು ಕೆಜಿಗೆ ಒತ್ತಡ ಏರಿಸಲು ಇನ್ನೆಷ್ಟು ನೀರು ಬೇಕು? ಸುಮಾರು ಐವತ್ತು ಲೀಟರ್, ಅಷ್ಟೇ. ನೀರು ಕುಗ್ಗುವುದಕ್ಕೆ ಮೂವತ್ತನಾಲ್ಕು, ಪೈಪು ಕೂದಲೆಳೆಯಷ್ಟು ಹಿಗ್ಗುವುದಕ್ಕೆ ಹದಿನೇಳು. ಆದ್ದರಿಂದ ಟೆಸ್ಟಿಂಗ್ ಪಂಪ್ ನೀರೆಳೆಯುವ ಡ್ರಮ್ಮಿಗೆ ಗುರುತು ಹಾಕಿಡುವುದು ಜಾಣತನ. ಐವತ್ತರ ಬದಲು ಮುನ್ನೂರು ಲೀಟರ್ ಹೋಗಿ, ಮುಳ್ಳು ಕುಂಟುತ್ತಾ ಏರಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಗಾಳಿಯಿರುವ ಪೈಪು ಸೋರಿಕೆಯನ್ನು ಮರೆಮಾಚುತ್ತದೆ. ಒಂದು ಲೀಟರ್ ಸೋರಿದರೆ ಸಾಮಾನ್ಯವಾಗಿ ಗೇಜ್ 0.2 ಕೆಜಿ ಇಳಿಯಬೇಕು. ಗಾತ್ರದ ನೂರರಲ್ಲೊಂದು ಪಾಲು ಗಾಳಿ ಉಳಿದಿದ್ದರೆ ಅದು ಅರ್ಧದಷ್ಟೂ ಇಳಿಯುವುದಿಲ್ಲ. ಮುಳ್ಳು ಕದಲಲಿಲ್ಲ ಎಂದು ಸಹಿ ಹಾಕುವವರು ಇದನ್ನು ನೆನಪಿಡಬೇಕು.

ಹತ್ತು ಕೆಜಿ ಮುಟ್ಟಿದ ಮೇಲೆ ಟೆಂಡರಿನಲ್ಲಿ ಹೇಳಿದಷ್ಟು ಹೊತ್ತು, ಎರಡು ಗಂಟೆಯೆಂದುಕೊಳ್ಳಿ, ಒತ್ತಡ ಹಿಡಿಯಬೇಕು. ಇಳಿದಷ್ಟನ್ನು ಮತ್ತೆ ಪಂಪ್ ಮಾಡಿ, ಸೇರಿಸಿದ ನೀರನ್ನು ಅಳೆಯಬೇಕು. ಐಎಸ್ 3114ರ ಸೂತ್ರ ಹೀಗಿದೆ: Q = N × D × √P / 3.3. ಜಾಯಿಂಟುಗಳ ಸಂಖ್ಯೆ, ಮಿಲಿಮೀಟರಿನಲ್ಲಿ ವ್ಯಾಸ, ಸರಾಸರಿ ಒತ್ತಡ ಹಾಕಿದರೆ ಗಂಟೆಗೆ ಎಷ್ಟು ಘನ ಸೆಂಟಿಮೀಟರ್ ಸೋರಬಹುದು ಎಂಬುದು ಸಿಗುತ್ತದೆ. ನಮ್ಮ ಲೈನಿನ ಸರಾಸರಿ ಒತ್ತಡ ಒಂಬತ್ತು. ಉತ್ತರ ಸುಮಾರು ಐವತ್ತು ಲೀಟರ್. ಅಂದರೆ ಒತ್ತಡ ಪೂರ್ತಿ ಇಳಿಯಲು ಸಾಕಾಗುವಷ್ಟು ನೀರು ಪ್ರತಿ ಗಂಟೆ ಸೋರಿದರೂ ಪೈಪ್‌ಲೈನ್ ಪಾಸು! ಈ ಸೂತ್ರ ಎರಕದ ಕಬ್ಬಿಣದ ಪೈಪುಗಳದ್ದು, ಸೀಸ ಕಾಸಿ ಹೊಯ್ದು ಜಾಯಿಂಟ್ ಮಾಡುತ್ತಿದ್ದ ಪದ್ಧತಿಗೆ ಹೊಂದುವಂಥದ್ದು. ಸರಿಯಾಗಿ ಕೂತ ರಬ್ಬರ್ ರಿಂಗ್ ಸೋರುವುದೇ ಇಲ್ಲ. ಹಾಗಾಗಿ ಮಿತಿಯೊಳಗಿದ್ದರೂ ಕಣ್ಣಿಗೆ ಕಂಡ ಸೋರಿಕೆಯನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಬಿಸಿಲಿನ ಆಟ ಬೇರೆ. ಒಳಗಿನ ನೀರು ಒಂದು ಡಿಗ್ರಿ ತಣ್ಣಗಾದರೆ ಸೋರಿಕೆಯಿಲ್ಲದೆಯೇ ಮೂರು ಕೆಜಿಯವರೆಗೆ ಇಳಿಯಬಹುದು. ಅದಕ್ಕೇ ಪೈಪಿನ ನಡುಭಾಗಕ್ಕೆ ಮಣ್ಣು ಮುಚ್ಚಿ, ಜಾಯಿಂಟುಗಳನ್ನು ಮಾತ್ರ ತೆರೆದಿಡುತ್ತಾರೆ.

ಸೇರಿಸುವ ನೀರು ಮಿತಿ ಮೀರಿದರೆ ಹುಡುಕಾಟ ಶುರು. ಮೊದಲು ತೆರೆದ ಜಾಯಿಂಟುಗಳನ್ನು ಒರೆಸಿ ಒಣಗಿಸಿ, ಒಂದೊಂದನ್ನೇ ನೋಡುತ್ತಾ ನಡೆಯಬೇಕು. ರಿಂಗ್ ಕೂರುವ ತೋಡಿನಲ್ಲಿ ಮರಳು ಸಿಕ್ಕಿದ್ದರೆ, ಪೈಪು ನೂಕುವಾಗ ರಿಂಗ್ ಮಡಚಿದ್ದರೆ, ಅಲ್ಲಿ ನೀರು ಜಿನುಗುತ್ತದೆ. ಎಲ್ಲವೂ ಒಣಗಿದ್ದರೆ ಅನುಮಾನ ಎರಡು ಕಡೆ: ರಸ್ತೆ ದಾಟುವಲ್ಲಿ ಮುಚ್ಚಿಹೋದ ಜಾಯಿಂಟುಗಳು, ಇಲ್ಲವೇ ತುದಿಯ ವಾಲ್ವ್. ಮುಚ್ಚಿದ ವಾಲ್ವ್ ನೀರನ್ನು ಆಚೆ ಬಿಡುತ್ತಿದ್ದರೆ ಪೈಪಿಗೆ ಸುಮ್ಮನೆ ಅಪವಾದ. ಅಲ್ಲಿ ಬ್ಲ್ಯಾಂಕ್ ಫ್ಲ್ಯಾಂಜ್ ಕಟ್ಟಿ ಮತ್ತೆ ನೋಡಬೇಕು. ರಸ್ತೆ ದಾಟುವ ಕಡೆ ಉಕ್ಕಿನ ಸರಳಿನ ಒಂದು ತುದಿಯನ್ನು ಪೈಪಿಗೆ ತಾಗಿಸಿ ಇನ್ನೊಂದಕ್ಕೆ ಕಿವಿಯಿಟ್ಟರೆ ಸುಯ್ ಎಂಬ ಸದ್ದು ಕೇಳಬಹುದು. ಒತ್ತಡ ಹೆಚ್ಚಿದ್ದಷ್ಟೂ ಸದ್ದು ಸ್ಪಷ್ಟ.

ಗಂಟೆಗೆ ಸಾವಿರಾರು ಲೀಟರ್ ಹೋಗುತ್ತಾ ಒತ್ತಡವೇ ನಿಲ್ಲದಿದ್ದರೆ ಇನ್ನೊಂದು ಉಪಾಯವಿದೆ. ಪಂಪ್ ಕಳಚಿ, ಮೇಲ್ತುದಿಯಲ್ಲಿ ಗಾಳಿ ಒಳಬರಲು ಬಿಟ್ಟು ರಾತ್ರಿಯಿಡೀ ಕಾಯಬೇಕು. ಬೆಳಗ್ಗೆ ಕೆಳಗಿನ ಗೇಜ್ 1.2 ಕೆಜಿಯಲ್ಲಿ ನಿಂತುಬಿಟ್ಟಿದ್ದರೆ ನೀರಿನ ಮಟ್ಟ ಗೇಜಿಗಿಂತ 12 ಮೀಟರ್ ಮೇಲಿದೆ. ಒಡಕು ಅದೇ ಮಟ್ಟದಲ್ಲಿದೆ. ಏಕಪ್ರಕಾರವಾಗಿ ಏರುವ ನಮ್ಮ ಲೈನಿನಲ್ಲಿ ಅದು ಕೆಳತುದಿಯಿಂದ ಸುಮಾರು 600 ಮೀಟರ್. ಏರಿಳಿತದ ಹಾದಿಯಲ್ಲಿ ಈ ಲೆಕ್ಕ ಇಷ್ಟು ಸಲೀಸಲ್ಲ, ಒಂದೇ ಮಟ್ಟ ಹಲವು ಕಡೆ ಬರುತ್ತದೆ.

ರಿಪೇರಿಯಾದ ಮೇಲೆ ಪರೀಕ್ಷೆ ಮೊದಲಿನಿಂದ ನಡೆಯಬೇಕು. ಆದರೂ ಒಂದು ಜಾಗ ತಪ್ಪಿಸಿಕೊಳ್ಳುತ್ತದೆ: ಪರೀಕ್ಷೆಯಾದ ಎರಡು ತುಂಡುಗಳನ್ನು ಕೊನೆಗೆ ಸೇರಿಸುವ ಜಾಯಿಂಟ್. ಅದಕ್ಕೆ ನಿತ್ಯದ ಒತ್ತಡವೇ ಪರೀಕ್ಷೆ. ನೀರು ಬಿಟ್ಟು ನೋಡುವವರೆಗೆ ಅದಕ್ಕೆ ಮಣ್ಣು ಮುಚ್ಚಬಾರದು.