ಕರ್ಮವನ್ನು ನೋಡಿ ಬದಲಾಗುವ ಕ್ರಿಯಾಪದ: ಹಂಗೇರಿಯನ್ ಕಲಿಯುವವರ ಬರಹದಲ್ಲಿ ನುಸುಳುವ ತಪ್ಪುಗಳು

ಹಂಗೇರಿಯನ್ ಭಾಷೆಯಲ್ಲಿ ಕ್ರಿಯಾಪದದ ಕೊನೆಯ ಪ್ರತ್ಯಯ ಕರ್ತೃ ಯಾರು ಎಂಬುದನ್ನಷ್ಟೇ ಹೇಳುವುದಿಲ್ಲ, ಕರ್ಮ ಎಂಥದ್ದು ಎಂಬುದನ್ನೂ ಹೇಳುತ್ತದೆ. 'ನಾನು ಒಂದು ಮನೆ ನೋಡುತ್ತೇನೆ' ಎನ್ನುವಾಗ ಕ್ರಿಯಾಪದ 'ಲಾತೊಕ್'. 'ನಾನು ಆ ಮನೆಯನ್ನು ನೋಡುತ್ತೇನೆ' ಎನ್ನುವಾಗ 'ಲಾತೊಮ್'. ಕರ್ತೃ ಅದೇ, ಕಾಲ ಅದೇ. ಕರ್ಮ ಗೊತ್ತಿರುವ, ಗುರುತಿಸಬಲ್ಲ ವಸ್ತುವಾದ ಕೂಡಲೇ ಕೊನೆಯ ಅಕ್ಷರ ಬದಲಾಯಿತು. ಮೊದಲನೆಯದು ಅನಿಶ್ಚಿತ ರೂಪ, ಎರಡನೆಯದು ನಿಶ್ಚಿತ ರೂಪ. ಹಂಗೇರಿಯನ್‌ನ ಹತ್ತಿರದ ಬಂಧುಗಳಾದ ಮಾನ್ಸಿ, ಖಾಂತಿ ಭಾಷೆಗಳಲ್ಲೂ ಇಂಥ ವ್ಯವಸ್ಥೆ ಇದೆ. ಯುರೋಪಿನ ಹೆಸರಾಂತ ಭಾಷೆಗಳಿಂದ ಬರುವವರಿಗೆ ಮಾತ್ರ ಇದು ತೀರಾ ಹೊಸದು. ವರ್ಷಗಟ್ಟಲೆ ಕಲಿತವರ ಬರಹದಲ್ಲೂ ಈ ತಪ್ಪು ಉಳಿದುಕೊಳ್ಳುವುದು ಅದಕ್ಕೇ.

ಕಲಿಯುವವರ ಪತ್ರದಲ್ಲಿ ಸಾಮಾನ್ಯವಾಗಿ ಕಾಣುವ ಒಂದೆರಡು ವಾಕ್ಯಗಳನ್ನು ತೆಗೆದುಕೊಂಡರೆ ಸಮಸ್ಯೆಯ ಬೇರು ಕಾಣಿಸುತ್ತದೆ. 'ನನಗೆ ಕಾಫಿ ಇಷ್ಟ' ಎಂದು ಬರೆಯಲು ಹೊರಟವರು 'ಸೆರೆತೆಕ್ ಅ ಕಾವೇತ್' ಎಂದು ಬರೆಯುತ್ತಾರೆ. ಸರಿಯಾದದ್ದು 'ಸೆರೆತೆಮ್ ಅ ಕಾವೇತ್'. ಇಲ್ಲಿ ಯಾವುದೋ ನಿರ್ದಿಷ್ಟ ಲೋಟದ ಕಾಫಿಯ ಮಾತಿಲ್ಲವಲ್ಲ ಎಂದು ಅವರು ಯೋಚಿಸಿರುತ್ತಾರೆ. ಅರ್ಥದ ಮಟ್ಟಿಗೆ ಆ ಯೋಚನೆ ಸರಿಯೇ. ಆದರೆ ಒಂದು ವಸ್ತುವನ್ನು ಸಾರಾಸಗಟಾಗಿ ಹೇಳುವಾಗಲೂ ಹಂಗೇರಿಯನ್ ಅದರ ಹಿಂದೆ 'ಅ' ಎಂಬ ನಿಶ್ಚಯ ಸೂಚಕ ಪದವನ್ನು ಇಡುತ್ತದೆ. ಆ ಪದ ಬಂದ ಮೇಲೆ ಕ್ರಿಯಾಪದ ನಿಶ್ಚಿತ ರೂಪದಲ್ಲೇ ಇರಬೇಕು. ಇದು ಲೋಕದ ವಸ್ತುವನ್ನು ನೋಡಿ ತೀರ್ಮಾನಿಸುವ ಸಂಗತಿಯಲ್ಲ, ವಾಕ್ಯದ ರಚನೆಯನ್ನು ನೋಡಿ ತೀರ್ಮಾನಿಸುವಂಥದ್ದು.

ಅದೇ ಪತ್ರದ ಮುಂದಿನ ಸಾಲು 'ಕೇರೆಮ್ ಎದ್ಯ್ ಕಾವೇತ್', ಅಂದರೆ 'ಒಂದು ಕಾಫಿ ಕೊಡಿ'. ಈ ಬಾರಿ ತಪ್ಪು ತಿರುವುಮುರುವಾಗಿದೆ. 'ಎದ್ಯ್' ಎಂದರೆ 'ಒಂದು'. ಯಾವ ಕಾಫಿಯಾದರೂ ಆದೀತು. ಹಾಗಾಗಿ 'ಕೇರೆಕ್' ಬೇಕಿತ್ತು. ತಪ್ಪಿಗೆ ಕಾರಣ ಕಿವಿ. ಒಂಟಿಯಾಗಿ ಬರುವ 'ಕೇರೆಮ್' ಹಂಗೇರಿಯಲ್ಲಿ 'ದಯವಿಟ್ಟು' ಎಂಬಂತೆ ಬಳಕೆಯಲ್ಲಿದೆ. ಅಂಗಡಿಯಲ್ಲಿ, ಹೋಟೆಲಿನಲ್ಲಿ ಅದನ್ನು ಪದೇ ಪದೇ ಕೇಳಿದವರು ಕೇಳುವ ಮಾತಿಗೆಲ್ಲ ಅದನ್ನೇ ಹಚ್ಚುತ್ತಾರೆ.

ನಿಶ್ಚಯ ಸೂಚಕ ಪದ ಇದೆಯೇ ಎಂದು ಹುಡುಕುವುದು ಒಳ್ಳೆಯ ಆರಂಭ, ಆದರೆ ಅಷ್ಟಕ್ಕೇ ನಿಂತರೆ ಸಾಲದು. ಊರಿನ, ವ್ಯಕ್ತಿಯ ಹೆಸರುಗಳಿಗೆ ಆ ಪದ ಬೇಕಿಲ್ಲ, ಆದರೂ ಅವು ನಿಶ್ಚಿತವೇ: 'ಲಾತೊಮ್ ಬುದಪೆಶ್ತೆತ್', ಬುಡಾಪೆಸ್ಟ್ ಕಾಣುತ್ತಿದೆ. 'ನನ್ನ', 'ನಿನ್ನ' ಎಂಬ ಒಡೆತನದ ಪ್ರತ್ಯಯ ಹೊತ್ತ ನಾಮಪದವೂ ಹಾಗೆಯೇ. ಕರ್ಮದ ಜಾಗದಲ್ಲಿ 'ಹೊದ್ಯ್' (ಎಂದು, ಎಂಬುದು) ಎಂದು ಶುರುವಾಗುವ ಇಡೀ ಉಪವಾಕ್ಯ ಬಂದರೂ ನಿಶ್ಚಿತ ರೂಪವೇ ಬೇಕು. 'ನನಗೆ ಗೊತ್ತು, ಅವನು ಬರುತ್ತಾನೆ ಎಂದು' ಎನ್ನಲು 'ತುದೊಮ್' ಸರಿ, 'ತುದೊಕ್' ತಪ್ಪು. ಇದಕ್ಕೆ ಎದುರಾಗಿ 'ಮಿಂದೆಂತ್' (ಎಲ್ಲವನ್ನೂ) ಎಂಬ ಪದವಿದೆ. ಎಲ್ಲವೂ ಎಂದ ಮೇಲೆ ಅದಕ್ಕಿಂತ ನಿಶ್ಚಿತವಾದದ್ದು ಇನ್ನೇನು ಎಂದು ತರ್ಕ ಕೇಳುತ್ತದೆ. ವ್ಯಾಕರಣ ಕೇಳುವುದಿಲ್ಲ: 'ಮಿಂದೆಂತ್ ತುದೊಕ್' ಎಂದೇ ಬರೆಯಬೇಕು.

ಸರ್ವನಾಮಗಳ ವಿಷಯದಲ್ಲಿ ತರ್ಕಕ್ಕೆ ಇನ್ನೂ ದೊಡ್ಡ ಪೆಟ್ಟು. 'ಅವನು ಅವಳನ್ನು ನೋಡುತ್ತಾನೆ' ಎಂಬಲ್ಲಿ ಕ್ರಿಯಾಪದ ನಿಶ್ಚಿತ. ಆದರೆ 'ಅವನು ನನ್ನನ್ನು ನೋಡುತ್ತಾನೆ' ಎಂಬಲ್ಲಿ ಅನಿಶ್ಚಿತ: 'ಲಾತ್ ಎಂಗೆಮ್'. 'ನಿನ್ನನ್ನು' ಎಂದಾಗಲೂ ಹಾಗೆಯೇ. ಮಾತಾಡುವವನೂ ಕೇಳುವವನೂ ಎದುರಿಗೇ ಇದ್ದರೂ ಹಂಗೇರಿಯನ್ ವ್ಯಾಕರಣ ಅವರನ್ನು ನಿಶ್ಚಿತ ಕರ್ಮದ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದರೊಳಗೆ ಇನ್ನೊಂದು ವಿಶೇಷವಿದೆ. ಕರ್ತೃ 'ನಾನು', ಕರ್ಮ 'ನೀನು' ಆಗಿದ್ದರೆ ಅದಕ್ಕೆಂದೇ '-ಲಕ್' ಅಥವಾ '-ಲೆಕ್' ಎಂಬ ಬೇರೆ ಪ್ರತ್ಯಯ. 'ಸೆರೆತ್ಲೆಕ್' ಎಂಬ ಒಂದೇ ಪದದಲ್ಲಿ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂಬುದೆಲ್ಲ ಅಡಗಿದೆ.

ಕರ್ಮ ದೂರವಿದ್ದಾಗ ಅನುಭವಿಗಳೂ ಎಡವುತ್ತಾರೆ. 'ಆ ಸಿನಿಮಾ ನೋಡಬೇಕೆಂದಿದ್ದೇನೆ' ಎಂಬುದು 'ಅಕರೊಮ್ ಲಾತ್ನಿ ಅ ಫಿಲ್ಮೆತ್' ಎಂದಾಗುತ್ತದೆ. ಸಿನಿಮಾ ನಿಜಕ್ಕೂ 'ಲಾತ್ನಿ' (ನೋಡಲು) ಎಂಬುದರ ಕರ್ಮ. ಆದರೆ ಅದಕ್ಕೆ ಪುರುಷ ಪ್ರತ್ಯಯ ಹತ್ತುವುದಿಲ್ಲವಾದ್ದರಿಂದ ಆ ಹೊಣೆ 'ಅಕರ್' (ಬಯಸು) ಎಂಬ ಮುಖ್ಯ ಕ್ರಿಯಾಪದದ ಮೇಲೆ ಬೀಳುತ್ತದೆ. ವಾಕ್ಯ ಶುರುಮಾಡುವಾಗಲೇ ಕೊನೆಯಲ್ಲಿ ಬರುವ ಕರ್ಮ ಯಾವುದೆಂದು ಗೊತ್ತಿರಬೇಕು. ಗಡಿಬಿಡಿಯಲ್ಲಿ 'ಅಕರೊಕ್' ಎಂದು ಬರೆದುಹೋಗುವುದು ಸಹಜ.

ವಿದ್ಯಾರ್ಥಿಯ ಬರಹ ತಿದ್ದುವವರು ಗಮನಿಸಬೇಕಾದ ಸಂಗತಿಯೊಂದಿದೆ. ಭೂತಕಾಲದ 'ನಾನು' ರೂಪದಲ್ಲಿ ಈ ಭೇದವೇ ಇಲ್ಲ. 'ಒಂದು ಮನೆ ನೋಡಿದೆ', 'ಆ ಮನೆಯನ್ನು ನೋಡಿದೆ', ಎರಡಕ್ಕೂ 'ಲಾತ್ತಮ್'. 'ನಾನು ರಜೆಯಲ್ಲಿ ಏನೇನು ಮಾಡಿದೆ' ಎಂಬಂಥ ಪ್ರಬಂಧ ಒಂದೂ ತಪ್ಪಿಲ್ಲದೆ ಬಂದರೆ ವಿದ್ಯಾರ್ಥಿಗೆ ಈ ಭೇದ ಗೊತ್ತಿದೆ ಎಂದು ಹೇಳಲಾಗದು. ಅದೇ ಕಥೆಯನ್ನು 'ಅವಳು' ಎಂದು ಬದಲಿಸಿ ಬರೆಸಿದರೆ ನಿಜ ಸ್ಥಿತಿ ಹೊರಬೀಳುತ್ತದೆ, ಏಕೆಂದರೆ ಅಲ್ಲಿ 'ಲಾತೊತ್ತ್', 'ಲಾತ್ತ' ಎಂದು ಎರಡು ಬೇರೆ ರೂಪಗಳಿವೆ.

ರೂಪದ ಆಯ್ಕೆ ಸರಿಯಾದರೂ ಪ್ರತ್ಯಯ ಅಂಟಿಸುವಾಗ ಕೈಕೊಡುವುದುಂಟು. ಹಂಗೇರಿಯನ್ ಪ್ರತ್ಯಯಗಳು ಪದದ ಸ್ವರಕ್ಕೆ ಹೊಂದಿಕೊಳ್ಳುತ್ತವೆ. ಮನೆ 'ಹಾಜ಼್', ಮನೆಯಲ್ಲಿ 'ಹಾಜ಼್ಬನ್'. ತೋಟ 'ಕೆರ್ತ್', ತೋಟದಲ್ಲಿ 'ಕೆರ್ತ್ಬೆನ್'. ಕ್ರಿಯಾಪದಕ್ಕೂ ಇದೇ ನಿಯಮ. ಆದರೆ 'ಈರ್' (ಬರೆ) ಎಂಬುದರ ಸ್ವರ ನೋಡಿ 'ಕೇರಿ' ಎಂಬಂತೆ 'ಈರಿ' ಎಂದು ಬರೆದರೆ ತಪ್ಪು, ಸರಿಯಾದದ್ದು 'ಈರ್ಯ'. 'ಈ' ಸ್ವರವಿರುವ ಇಂಥ ಕೆಲವು ಪದಗಳು ಎದುರು ಗುಂಪಿನ ಪ್ರತ್ಯಯಗಳನ್ನೇ ತೆಗೆದುಕೊಳ್ಳುತ್ತವೆ, ಅವನ್ನು ಒಂದೊಂದಾಗಿ ನೆನಪಿಡದೆ ದಾರಿಯಿಲ್ಲ. ಧಾತು ಶಕಾರ, ಸಕಾರಗಳಲ್ಲಿ ಮುಗಿದರೆ ಪ್ರತ್ಯಯದ ಯಕಾರ ಅದರಲ್ಲಿ ಕರಗುತ್ತದೆ: 'ಒಲ್ವಶ್' (ಓದು) ಎಂಬುದು 'ಒಲ್ವಶ್ಯ' ಆಗದೆ 'ಒಲ್ವಶ್ಶ' ಆಗುತ್ತದೆ, ಬರಹದಲ್ಲೂ ಹಾಗೆಯೇ. 'ಲಾತ್ಯ' ಎಂಬಲ್ಲಿ ಮಾತ್ರ ಉಚ್ಚಾರಣೆ ಬೆರೆತರೂ ಬರಹದಲ್ಲಿ ಎರಡು ಅಕ್ಷರಗಳೂ ಉಳಿಯುತ್ತವೆ.

ಕರ್ಮಕ್ಕೆ ಹಚ್ಚುವ '-ತ್' ಪ್ರತ್ಯಯವನ್ನು ಮರೆಯುವುದು ಇನ್ನೊಂದು ಬಗೆ. ಕನ್ನಡ ಬಲ್ಲವರಿಗೆ ಈ ಅಪಾಯ ಹೆಚ್ಚು. ಕನ್ನಡದಲ್ಲಿ 'ಸೇಬು ತಿಂದೆ' ಎಂದರೆ ಸಾಕು. 'ಅನ್ನು' ಬಂದರೆ ಅದು ಗೊತ್ತಿರುವ ಸೇಬು ಎಂಬ ಭಾವ ಬರುತ್ತದೆ. ಹಂಗೇರಿಯನ್‌ನಲ್ಲಿ ಸೇಬು ಯಾವುದೇ ಇರಲಿ, '-ತ್' ಬೇಕೇ ಬೇಕು. ಗೊತ್ತಿರುವುದೋ ಅಲ್ಲವೋ ಎಂಬುದನ್ನು ಹೇಳುವ ಕೆಲಸದಲ್ಲಿ ಕ್ರಿಯಾಪದವೂ ಕೈಜೋಡಿಸುತ್ತದೆ. ಜೊತೆಗೆ 'ಅಲ್ಮ' (ಸೇಬು) ಎಂಬುದರ ಕೊನೆಯ ಸ್ವರ ದೀರ್ಘವಾಗಿ 'ಅಲ್ಮಾತ್' ಆಗುತ್ತದೆ. 'ಲೆವೇಲ್' (ಪತ್ರ) ಮಾತ್ರ ಇದಕ್ಕೆ ವಿರುದ್ಧವಾಗಿ ಹ್ರಸ್ವಗೊಂಡು 'ಲೆವೆಲೆತ್' ಎನಿಸುತ್ತದೆ.

ಸ್ಥಳ ಹೇಳುವಲ್ಲಿಯೂ ಗೊಂದಲವಿದೆ. ಲಂಡನ್ನಿನಲ್ಲಿ 'ಲೊಂದೊನ್ಬನ್', ಆದರೆ ಬುಡಾಪೆಸ್ಟಿನಲ್ಲಿ 'ಬುದಪೆಶ್ತೆನ್'. ಹಂಗೇರಿಯ ಹೆಚ್ಚಿನ ಊರುಗಳಿಗೆ 'ಮೇಲೆ' ಎಂಬರ್ಥದ ಪ್ರತ್ಯಯ ಬರುತ್ತದೆ, ಹೊರದೇಶದ ಊರುಗಳಿಗೆ 'ಒಳಗೆ' ಎಂಬರ್ಥದ್ದು. ದೆಬ್ರೆತ್ಸೆನ್ ಹಂಗೇರಿಯದೇ ಊರಾದರೂ ಎರಡನೆಯ ಗುಂಪಿನಲ್ಲಿದೆ. ಇನ್ನು '-ಬನ್' ಎಂದರೆ 'ಒಳಗೆ ಇರುವ', '-ಬ' ಎಂದರೆ 'ಒಳಕ್ಕೆ ಹೋಗುವ'. ಆಡುಮಾತಿನಲ್ಲಿ ಹಂಗೇರಿಯನ್ನರೇ ಎಷ್ಟೋ ಸಲ 'ನ್' ನುಂಗಿ ಎರಡನ್ನೂ '-ಬ' ಎಂದುಬಿಡುತ್ತಾರೆ. ಕಿವಿಯಿಂದಲೇ ಭಾಷೆ ಕಲಿತವರ ಬರಹದಲ್ಲಿ ಹೀಗೆ ಮನೆಯಲ್ಲಿ ಕೂತವರೂ ಮನೆಗೆ ಹೊರಟವರಂತೆ ಕಾಣುತ್ತಾರೆ.