ಬರಲಾಗುವುದಿಲ್ಲ ಎಂದು ಜರ್ಮನಿಗೆ ಬರೆಯುವಾಗ

ಜರ್ಮನಿಯ ಕಂಪನಿಯೊಂದರಿಂದ ಕೆಲಸದ ಕರಾರುಪತ್ರ ಬಂದಿದೆ. ಸಂಬಳ, ಊರು, ಸೇರುವ ತಾರೀಖು ಎಲ್ಲವೂ ಅದರಲ್ಲಿದೆ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಹೋಗುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ ಮೇಲೂ ಅದನ್ನು ಬರೆದು ತಿಳಿಸಲು ನಮ್ಮವರಿಗೆ ಕೈ ಏಳುವುದಿಲ್ಲ. ವಾರಗಟ್ಟಲೆ ಮುಂದೂಡುತ್ತಾರೆ. ಕೊನೆಗೆ ಬರೆದರೂ ಎರಡು ಪುಟ ಬರೆದು ಹತ್ತು ಸಲ ಕ್ಷಮೆ ಕೇಳುತ್ತಾರೆ. ಓದಿದವರಿಗೆ ಈ ವ್ಯಕ್ತಿ ಬರುತ್ತಾನೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ಒಂದು ಮನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ನೋಡೋಣ. ಸಾಗರದ ಕಡೆಯ ಹಳ್ಳಿ, ಒಬ್ಬನೇ ಮಗ, ಬೆಂಗಳೂರಿನಲ್ಲಿ ಇಂಜಿನಿಯರ್. ಸ್ಟುಟ್‌ಗಾರ್ಟ್‌ನ ಕಂಪನಿಯೊಂದು ಅವನನ್ನು ಆರಿಸಿಕೊಂಡಿದೆ. ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಅಂಗಳದಲ್ಲಿ ಹೇಗೋ ನಡೆಯುವ ಅಪ್ಪ, ಹೊಸ್ತಿಲ ಹತ್ತಿರ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿಕೊಂಡವರಂತೆ ನಿಂತುಬಿಡುತ್ತಾರೆ. ಮಾತ್ರೆಯ ಹೊತ್ತು ಸ್ವಲ್ಪ ಹಿಂದೆಮುಂದೆ ಆದರೂ ಮೈ ಬಿಗಿಯುತ್ತದೆ. ರಾತ್ರಿ ಮಗ್ಗುಲು ಬದಲಿಸಲು ಇನ್ನೊಬ್ಬರ ಕೈ ಬೇಕು, ಅಮ್ಮನಿಗೋ ಮಂಡಿನೋವು. ಆದರೂ ಆಕೆ ಹೇಳುವುದು, "ನೀ ಹೋಗಿ ಬಾರೋ ಮಗಾ, ನಾವು ಹ್ಯಾಗೋ ಸುಧಾರಿಸ್ತೀವಿ" ಎಂದೇ.

ಮಗ ಬರೆದ ಮೊದಲ ಪತ್ರದಲ್ಲಿ "ಸದ್ಯದ ಪರಿಸ್ಥಿತಿಯಲ್ಲಿ ಬರುವುದು ಕಷ್ಟವಾಗಬಹುದು" ಎಂಬ ಮಾತಿತ್ತು ಎಂದುಕೊಳ್ಳಿ. ಆ ವಾಕ್ಯ ಬರೆದವನ ಸಂಕೋಚವನ್ನು ತೋರಿಸುತ್ತದೆ. ಓದುವ ಅಧಿಕಾರಿಗೆ ಕಾಣುವುದೇ ಬೇರೆ: ಇವನಿಗೆ ಸ್ವಲ್ಪ ಕಾಲಾವಕಾಶ ಬೇಕು, ಇಲ್ಲವೇ ಇನ್ನಷ್ಟು ಸಂಬಳ ಬೇಕು. ಹಾಗಾಗಿ ಸೇರುವ ತಾರೀಖನ್ನು ಮೂರು ತಿಂಗಳು ಮುಂದೆ ಹಾಕಿ ಅವರು ಮರುಪತ್ರ ಕಳಿಸುತ್ತಾರೆ. ಈಗ ಎರಡನೇ ಸಲ ಬೇಡ ಎನ್ನಬೇಕು. ಅದು ಮೊದಲಿನದಕ್ಕಿಂತ ಕಷ್ಟ.

ಆದ್ದರಿಂದ ಬರೆಯಲು ಕೂರುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಕಾರಣಕ್ಕೆ ಒಂದು ಕೊನೆಯ ದಿನ ಉಂಟೇ? ಅಮ್ಮ ಜಾರಿಬಿದ್ದು ಸೊಂಟದ ಮೂಳೆ ಮುರಿದಿದೆ, ಶಸ್ತ್ರಚಿಕಿತ್ಸೆ ಆಗಿದೆ, ಕೆಲವು ತಿಂಗಳಲ್ಲಿ ಓಡಾಡಬಹುದು ಎಂದು ವೈದ್ಯರು ಹೇಳಿದ್ದಾರೆ ಎಂದಾದರೆ ಕೆಲಸವನ್ನು ಬಿಡಬೇಕಾಗಿಲ್ಲ. ಸೇರುವ ದಿನ ಮುಂದೂಡಿ ಎಂದು ಕೇಳುವ ಪತ್ರ ಸಾಕು. ಪಾರ್ಕಿನ್ಸನ್ ಹಾಗಲ್ಲ. ಔಷಧಿಯಿಂದ ಹಿಡಿತಕ್ಕೆ ಬಂದರೂ ವರ್ಷ ಕಳೆದಂತೆ ಆರೈಕೆ ಹೆಚ್ಚು ಬೇಕಾಗುತ್ತದೆ. ಇಂಥ ಕಡೆ "ಸದ್ಯಕ್ಕೆ", "ಬಹುಶಃ" ಎಂಬ ಪದಗಳಿಗೆ ಪತ್ರದಲ್ಲಿ ಜಾಗ ಕೊಡಬಾರದು. ಒಂದು ವರ್ಷದ ನಂತರ ಬರುತ್ತೇನೆ ಎಂದು ಬರೆದರೆ, ಆ ಒಂದು ವರ್ಷವನ್ನು ಅಪ್ಪನ ಆಯಸ್ಸಿನಲ್ಲಿ ಎಣಿಸಬೇಕಾಗುತ್ತದೆ. ಯಾವ ಮಗನಿಗೂ ಆ ಲೆಕ್ಕ ಬೇಡ.

ಹಾಗಾದರೆ ಪತ್ರದಲ್ಲಿ ಏನಿರಬೇಕು? ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹೋಗುವ ಆ ಪತ್ರದ ಒಡಲು ಕನ್ನಡದಲ್ಲಿ ಹೀಗಿರುತ್ತದೆ:

"ನೀವು ಕಳಿಸಿದ ಕೆಲಸದ ಆಹ್ವಾನಕ್ಕೆ ಧನ್ಯವಾದಗಳು. ಇದನ್ನು ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. ನನ್ನ ತಂದೆತಾಯಿಗೆ ವಯಸ್ಸಾಗಿದ್ದು, ದಿನನಿತ್ಯದ ಆರೈಕೆಗೆ ನಾನು ಊರಿಗೆ ಹತ್ತಿರದಲ್ಲೇ ಇರಬೇಕಾಗಿದೆ. ಸೇರುವ ದಿನ ಮುಂದೂಡುವುದರಿಂದ ಈ ಪರಿಸ್ಥಿತಿ ಬದಲಾಗುವುದಿಲ್ಲ, ಆದ್ದರಿಂದ ನನ್ನ ತೀರ್ಮಾನ ಅಂತಿಮ. ಸಂದರ್ಶನದಲ್ಲಿ ನಿಮ್ಮ ತಂಡದವರು ತಮ್ಮ ಕೆಲಸವನ್ನು ವಿವರವಾಗಿ ತೋರಿಸಿದ್ದನ್ನು ಗೌರವದಿಂದ ನೆನೆಯುತ್ತೇನೆ. ನನ್ನ ವೀಸಾಕ್ಕಾಗಿ ಏನಾದರೂ ಕೆಲಸ ಆರಂಭಿಸಿದ್ದರೆ ದಯವಿಟ್ಟು ನಿಲ್ಲಿಸಿ."

ಬರುವುದಿಲ್ಲ ಎಂಬ ಮಾತು ಎರಡನೇ ವಾಕ್ಯದಲ್ಲೇ ಬಂದುಬಿಟ್ಟಿದೆ. ಕಾರಣಕ್ಕೆ ಒಂದೇ ವಾಕ್ಯ. ಕಾಯಿಲೆಯ ಹೆಸರು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಅಪ್ಪನ ದೇಹಸ್ಥಿತಿ ಅಪ್ಪನಿಗೆ ಸೇರಿದ್ದು, ಗುರುತಿಲ್ಲದ ಕಚೇರಿಯೊಂದರ ಕಡತದಲ್ಲಿ ಅದು ಕೂರಬಾರದು. ವೈದ್ಯರ ಚೀಟಿ ಲಗತ್ತಿಸುವವರೂ ಇದ್ದಾರೆ. ರಜೆ ಕೇಳುವಾಗಿನ ಅಭ್ಯಾಸ ಅದು, ಇಲ್ಲಿ ಯಾರೂ ಪುರಾವೆ ಕೇಳಿಲ್ಲ. ವೀಸಾದ ವಾಕ್ಯ ಮಾತ್ರ ಮರೆಯಬಾರದು. ಬೇಗ ವೀಸಾ ಸಿಗಲೆಂದು ಅಲ್ಲಿನ ವಲಸೆ ಕಚೇರಿಯಲ್ಲಿ ತ್ವರಿತ ಪ್ರಕ್ರಿಯೆಗೆ ಕಂಪನಿಯೇ ಅರ್ಜಿ ಹಾಕುವ ವ್ಯವಸ್ಥೆ ಜರ್ಮನಿಯಲ್ಲಿದೆ. ಅದಕ್ಕೆ 411 ಯೂರೋ ಶುಲ್ಕ. ನಾವು ತಡಮಾಡಿದಷ್ಟೂ ಅವರ ಹಣ, ಶ್ರಮ ಎರಡೂ ಹೋಗುತ್ತವೆ.

ಕರಾರಿಗೆ ಇನ್ನೂ ಸಹಿ ಹಾಕಿಲ್ಲದಿದ್ದರೆ ಈ ಪತ್ರವನ್ನು ಇಮೇಲ್‌ನಲ್ಲಿ ಕಳಿಸಿದರೆ ಮುಗಿಯಿತು. ಸಹಿ ಹಾಕಿದ ಮೇಲೆ ಮಾತು ಬೇರೆ, ಎಷ್ಟೋ ಜನ ಎಡವುವುದು ಇಲ್ಲಿಯೇ. ಜರ್ಮನಿಯ ಕಾನೂನಿನಂತೆ ಕೆಲಸದ ಕರಾರನ್ನು ಕೊನೆಗಾಣಿಸುವ ಪತ್ರ ಕಾಗದದ ಮೇಲಿರಬೇಕು, ಅದರಲ್ಲಿ ಪೆನ್ನಿನಿಂದ ಹಾಕಿದ ಸಹಿ ಇರಬೇಕು. ಇಮೇಲ್, ಸ್ಕ್ಯಾನ್ ಮಾಡಿದ ಪ್ರತಿ, ವಾಟ್ಸಾಪ್ ಯಾವುದೂ ನಡೆಯುವುದಿಲ್ಲ. ಕರಾರಿಗೆ ಕಂಪ್ಯೂಟರಿನಲ್ಲೇ ಸಹಿ ಮಾಡಿದ್ದರೂ ಅದನ್ನು ಮುರಿಯಲು ಮೂಲ ಕಾಗದವೇ ಬೇಕು. ಆದ್ದರಿಂದ ಮೊದಲು ಇಮೇಲ್‌ನಲ್ಲಿ ವಿಷಯ ತಿಳಿಸಿ, ಅದೇ ದಿನ ಸಹಿ ಮಾಡಿದ ಮೂಲ ಪತ್ರವನ್ನು ಕೊರಿಯರ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ನೋಟಿಸಿನ ಅವಧಿ ಲೆಕ್ಕವಾಗುವುದು ಕಾಗದ ಅವರ ಕೈಸೇರಿದ ಮೇಲೆ. ಪ್ರೊಬೇಷನ್‌ನಲ್ಲಿ ಆ ಅವಧಿ ಸಾಮಾನ್ಯವಾಗಿ ಎರಡು ವಾರ. ಕೆಲಸ ಶುರುವಾಗುವ ಮೊದಲೇ ಕರಾರು ಮುರಿಯಬಾರದು, ಮುರಿದರೆ ದಂಡ ಎಂದು ಕೆಲವು ಕರಾರುಗಳಲ್ಲಿ ಬರೆದಿರುತ್ತಾರೆ. ಸಹಿ ಹಾಕುವ ಮುಂಚೆ ಓದಬೇಕಾದ ಸಾಲು ಅದು. ಸಹಿ ಆಗಿಬಿಟ್ಟಿದ್ದರೆ, ನನ್ನನ್ನು ಕರಾರಿನಿಂದ ಬಿಡುಗಡೆ ಮಾಡಿ ಎಂದು ಕಾರಣ ಹೇಳಿ ನೇರವಾಗಿ ಕೇಳುವುದೇ ಒಳ್ಳೆಯದು. ಮನಸ್ಸಿಲ್ಲದ ನೌಕರನನ್ನು ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಕರೆಸಿಕೊಳ್ಳಲು ಹಟ ಹಿಡಿಯುವ ಕಂಪನಿ ಅಪರೂಪ.

ಪತ್ರ ತಲುಪಿದ ಮೇಲೆ ಒಳ್ಳೆಯ ಮನಸ್ಸಿನ ಅಧಿಕಾರಿಯೊಬ್ಬರು, "ತಂದೆತಾಯಿಯನ್ನೂ ಕರೆದುಕೊಂಡು ಬನ್ನಿ" ಎಂದು ಬರೆಯಬಹುದು. ಅದು ಬರಿಯ ಉಪಚಾರದ ಮಾತಾಗಿರಬೇಕಿಲ್ಲ. 2024ರ ಮಾರ್ಚ್ 1ರಿಂದೀಚೆಗೆ ಮೊದಲ ಬಾರಿ ವಾಸದ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆತಾಯಿಯನ್ನು ಕರೆಸಿಕೊಳ್ಳಲು ಜರ್ಮನಿ ಅವಕಾಶ ಕೊಟ್ಟಿದೆ, ಬ್ಲೂ ಕಾರ್ಡ್ ಪಡೆದವರಿಗೂ ಅದು ಅನ್ವಯಿಸುತ್ತದೆ. ಆದರೆ ಅವರ ಖರ್ಚನ್ನೆಲ್ಲ ಮಗನೇ ನೋಡಿಕೊಳ್ಳಬೇಕು, ಪೂರ್ಣ ಆರೋಗ್ಯ ವಿಮೆಯನ್ನೂ ತೋರಿಸಬೇಕು. ತೊಡಕು ಆ ವಿಮೆಯದೇ. 55 ದಾಟಿದವರಿಗೆ ಸರ್ಕಾರಿ ವಿಮೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಪಾರ್ಕಿನ್ಸನ್ ಇರುವ ವೃದ್ಧರನ್ನು ಖಾಸಗಿ ಕಂಪನಿಗಳು ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡರೂ ಕಂತು ದುಬಾರಿ. ಪ್ರವಾಸಿ ವೀಸಾದಲ್ಲಿ ಕರೆದೊಯ್ದರೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇನ್ನು, ಹೊಸ್ತಿಲು ದಾಟಲಾಗದ ಅಪ್ಪನನ್ನು ಭಾಷೆ ತಿಳಿಯದ ಊರಿನ ಮೂರನೇ ಮಹಡಿಯಲ್ಲಿ ಇರಿಸಿ ಮಗ ಕಚೇರಿಗೆ ಹೋದರೆ ಹಗಲೆಲ್ಲ ಅಮ್ಮ ಒಬ್ಬಳೇ. ನನ್ನ ಮಟ್ಟಿಗೆ, ವಿಮೆ ಸಿಕ್ಕರೂ ಇದು ಪರಿಹಾರವಲ್ಲ. ಮರುಪತ್ರದಲ್ಲಿ ಇಷ್ಟನ್ನೂ ಬಿಡಿಸಿ ಹೇಳಬೇಕಿಲ್ಲ. "ಸಲಹೆಗೆ ಧನ್ಯವಾದ, ಅದನ್ನೂ ಯೋಚಿಸಿದ್ದೇನೆ, ನಮ್ಮ ಮನೆಗೆ ಅದು ಹೊಂದುವುದಿಲ್ಲ" ಎಂದರೆ ಸಾಕು.

ಬೆಂಗಳೂರಿನಿಂದಲೇ ಕೆಲಸ ಮಾಡಬಹುದೇ ಎಂಬ ಆಸೆ ಇದ್ದರೆ ಅದನ್ನು ಈ ಪತ್ರದ ಕೊನೆಗೆ ಅಂಟಿಸಬಾರದು. ಅದನ್ನು ಮೊದಲೇ, ಬೇರೆ ಪತ್ರದಲ್ಲಿ ಕೇಳಿ ಉತ್ತರ ತಿಳಿದುಕೊಂಡಿರಬೇಕು. ಒಂದೇ ಪತ್ರದಲ್ಲಿ ಬೇಡ ಎನ್ನುವುದೂ ಕೇಳುವುದೂ ಸೇರಿದರೆ ಎರಡೂ ಕೆಡುತ್ತವೆ. ವೀಸಾಕ್ಕೆ ಆಗಲೇ ಅರ್ಜಿ ಹಾಕಿದ್ದರೆ, ಕಂಪನಿಗೆ ತಿಳಿಸಿದಂತೆಯೇ ಬೆಂಗಳೂರಿನಲ್ಲಿರುವ ಜರ್ಮನ್ ಕಾನ್ಸುಲೇಟಿಗೂ ಅರ್ಜಿ ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆಯಬೇಕು. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ. ಪಾಸ್‌ಪೋರ್ಟ್ ಅಲ್ಲೇ ಉಳಿದಿದ್ದರೆ ಅದನ್ನು ಹಿಂದಿರುಗಿಸಿ ಎಂದು ಆ ಪತ್ರದಲ್ಲೇ ಕೇಳಬೇಕು.