ಬಟನ್ ಹೋಗೇತೋ, ಕವರ್ ಒತ್ತಾಕತ್ತೇತೋ?

ಮುಂಡರಗಿಯಿಂದ ದಿನಾ ಗದಗಿಗೆ ಬಸ್ಸಿನಲ್ಲಿ ಬರೋ ನಮ್ಮ ಗೆಳೆಯನ ಫೋನಿನಲ್ಲಿ ವಾಲ್ಯೂಮ್ ತಾನಾಗೇ ಸೊನ್ನೆಗೆ ಇಳೀತಿತ್ತು. "ಬಟನ್ ಹೋತಲೇ, ಹೊಸಾದು ಹಾಕಸಬೇಕು" ಅಂದ. ನಾವು ಮೊದಲು ಕವರ್ ತೆಗೆಸಿದೆವು. ಬಿಗಿ ಕವರ್ ಬಟನ್ನನ್ನು ಒತ್ತಿ ಹಿಡಿದರೂ ಹೀಗೇ ಆಗುತ್ತೆ. ಕವರ್ ತೆಗೆದ ಕೂಡಲೇ ಸರಿಹೋದರೆ ತಪ್ಪು ಕವರಿನದು. ಇಲ್ಲಿ ಸರಿಹೋಗಲಿಲ್ಲ.

ಮುಂದಿನ ಸುಳಿವು ಬೆರಳಿಗೇ ಸಿಗುತ್ತೆ. ಬಟನ್ ಹಿಂದೆ ಗುಮ್ಮಟದಂಥ ಪುಟ್ಟ ಲೋಹದ ಸ್ವಿಚ್ ಇರುತ್ತೆ, ಒತ್ತಿದಾಗ ಅದು 'ಟಕ್' ಅನ್ನುತ್ತೆ. ಅವನ ಬಟನ್ ಒಳಗೇ ಕೂತಿತ್ತು, ಟಕ್ ಇರಲಿಲ್ಲ. ಅಂದ್ರೆ ಸಂದಿಯಲ್ಲಿ ಧೂಳು, ಬೆವರಿನ ಜಿಡ್ಡು ಸೇರಿರಬೇಕು. ಫೋನ್ ಆಫ್ ಮಾಡಿ, ಮೆತ್ತನೆ ಒಣ ಬ್ರಷ್‌ನಿಂದ ಧೂಳು ತೆಗೆದೆವು. ಆಮೇಲೆ ಬ್ರಷ್ ತುದಿಗಷ್ಟೇ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಸುತ್ತಲೂ ತಿಕ್ಕಿ, ಬಟನ್ನನ್ನು 20 ಸಲ ಒತ್ತಿ ಬಿಟ್ಟು, ಅರ್ಧ ಗಂಟೆ ಒಣಗಿಸಿದೆವು. ಸೂಜಿ ಹಾಕಬೇಡಿ, ಒಳಗಿನ ರಬ್ಬರ್ ಹರಿಯುತ್ತೆ. ಎಣ್ಣೆ ಬಿಟ್ಟರೆ ಇನ್ನಷ್ಟು ಧೂಳು ಹಿಡಿಯುತ್ತೆ.

ಟಕ್ ವಾಪಸ್ ಬಂತು, ವಾಲ್ಯೂಮ್ ಇಳಿಯೋದೂ ನಿಂತಿತು. ಆದರೆ ಈಗ ಒತ್ತಿದರೂ ಏನೂ ಆಗವಲ್ದು! ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಟಕ್ ಇದ್ದೂ ಕೆಲಸ ಆಗದಿದ್ದರೆ ಅನುಮಾನ ಸ್ವಿಚ್ಚಿನಿಂದ ಬೋರ್ಡಿಗೆ ಹೋಗೋ ಫ್ಲೆಕ್ಸ್ ಕೇಬಲ್ ಮೇಲೆ. ಗದಗಿನ ಅಂಗಡಿಯಲ್ಲಿ ಬಿಚ್ಚಿಸಿದಾಗ ಅದರ ತಾಮ್ರದ ಗೆರೆ ಹಸಿರುಗಟ್ಟಿತ್ತು, ನೀರು ಹೊಕ್ಕ ಗುರುತು. ಫ್ಲೆಕ್ಸ್ ಬದಲಿಸಿದ ಮೇಲೆ ಬಟನ್ ಸರಿಹೋಯಿತು.

ಪವರ್ ಬಟನ್ನಿಗೂ ಇದೇ ಕ್ರಮ. ಅದರಲ್ಲಿ ಫಿಂಗರ್‌ಪ್ರಿಂಟ್ ಇದ್ದರೆ ಮಾತ್ರ ಬಿಚ್ಚಿಸೋ ಮುಂಚೆ ಒಂದು ಮಾತು ಕೇಳ್ರಿ: ಕೆಲವು ಮಾಡೆಲ್‌ಗಳಲ್ಲಿ ಫ್ಲೆಕ್ಸ್ ಬದಲಿಸಿದರೆ ಫಿಂಗರ್‌ಪ್ರಿಂಟ್ ಕೆಲಸ ಮಾಡೋದಿಲ್ಲ.